ಆರು ತಿಂಗಳ ವಾಸ, ಮೂರು ತಿಂಗಳ ಮಾತ್ರೆ

ಅಮೆರಿಕದ ವಿಮಾನ ಬೆಳಗಿನ ಜಾವ 3 ಗಂಟೆಗೆ ಇದ್ದರೆ, ಬೆಂಗಳೂರಿನ ಹಿರಿಯರು ಮನೆ ಬಿಡುವುದು ಹಿಂದಿನ ಸಂಜೆ 6ಕ್ಕೆ. ಇದಕ್ಕೊಂದು ಲೆಕ್ಕವಿದೆ. ಏರ್‌ಲೈನ್‌ನವರು 3 ಗಂಟೆ ಮೊದಲು ಬನ್ನಿ ಅನ್ನುತ್ತಾರೆ. ಅಳಿಯ ಅದಕ್ಕೊಂದು ಗಂಟೆ ಸೇರಿಸುತ್ತಾನೆ. ಒಮ್ಮೆ ಸಿಂಗಪುರ ನೋಡಿ ಬಂದ ಷಡ್ಡಕರು ಇನ್ನೊಂದು ಗಂಟೆ. ಉಳಿದದ್ದನ್ನು ಹೆಬ್ಬಾಳದ ಹೆಸರಿನಲ್ಲಿ ಎಲ್ಲರೂ ಹಂಚಿಕೊಳ್ಳುತ್ತಾರೆ.

ಜಯನಗರದ ರಾಯರನ್ನೇ ತೆಗೆದುಕೊಳ್ಳಿ. (ಯಾವ ರಾಯರು ಅಂತ ಕೇಳಬೇಡಿ, ಪ್ರತಿ ಕ್ರಾಸಿಗೂ ಒಬ್ಬರಿದ್ದಾರೆ.) ಟ್ರಾಫಿಕ್ಕಿಗೆ ಹೆದರಿ ಬೇಗ ಹೊರಟವರು, ಟ್ರಾಫಿಕ್ ಭರ್ತಿ ಇರುವ ಹೊತ್ತಿಗೇ ಸರಿಯಾಗಿ ಹೆಬ್ಬಾಳ ತಲುಪಿದರು. ರಾತ್ರಿ ಹತ್ತೂವರೆಗೆ ಹೊರಟಿದ್ದರೆ ದೇವನಹಳ್ಳಿ ಕಡೆಗೆ ಒಂದು ಗಂಟೆಯ ದಾರಿ. ಈಗ ಎಂಟೂವರೆಗೆ ಟರ್ಮಿನಲ್ 2ರ ಮುಂದೆ ಹಾಜರು. ಕೌಂಟರ್ ತೆರೆಯುವುದೇ ವಿಮಾನಕ್ಕೆ ಮೂರು, ನಾಲ್ಕು ಗಂಟೆ ಇರುವಾಗ. ಮುಚ್ಚುವುದು ಸುಮಾರು ಒಂದು ಗಂಟೆ ಇರುವಾಗ. ನಿಜಕ್ಕೂ ಬೇಕಾದ ಸಮಯ ಈ ಮುಚ್ಚುವ ಸಮಯ ಒಂದೇ. ಟಿಕೆಟ್ಟಿನ ಷರತ್ತುಗಳಲ್ಲಿ ಅದು ಇರುತ್ತದೆ, ಆದ್ದರಿಂದ ಯಾರೂ ಓದುವುದಿಲ್ಲ.

ಕಾಯುವ ಹೊತ್ತು ವ್ಯರ್ಥವಾಗಬಾರದಲ್ವಾ, ಸೂಟ್‌ಕೇಸಿನ ವಿಚಾರಣೆ ಶುರುವಾಯಿತು. ಷಡ್ಡಕರು ಫೋನಿನಲ್ಲಿ ತೀರ್ಪುಗಾರರು.

ಮೊದಲು ಕೊಬ್ಬರಿ. ತಿಪಟೂರಿನ ಒಣ ಕೊಬ್ಬರಿ 2022ರಿಂದ ಚೆಕ್-ಇನ್ ಲಗೇಜಿಗೆ ನಿಷಿದ್ಧ. ಎಣ್ಣೆ ಜಾಸ್ತಿ, ಬಿಸಿ ಏರಿ ಹೊತ್ತಿಕೊಳ್ಳಬಹುದಂತೆ. ಹೋಳಿಗೆಗೆ ಬೇಕಾದ ವಸ್ತು ಪಟಾಕಿಯ ಸಾಲಿಗೆ ಬಂದದ್ದು ಹೀಗೆ.

ಆಮೇಲೆ ಕರಿಬೇವು. ಹಸಿ ಕರಿಬೇವಿನ ಎಲೆಯ ಮೇಲೆ ಸಿಟ್ರಸ್ ಸಿಲ್ಲಿಡ್ ಎಂಬ ಸಣ್ಣ ಹುಳ ಬದುಕುತ್ತದೆ. ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗವನ್ನು ಹೊತ್ತೊಯ್ಯುವುದು ಅದೇ. 2005ರಲ್ಲಿ ಆ ರೋಗ ಫ್ಲೋರಿಡಾದಲ್ಲಿ ಕಾಣಿಸಿಕೊಂಡು ತೋಟಗಳನ್ನೇ ಹಾಳು ಮಾಡಿದೆ. ಹಾಗಾಗಿ ಅಮೆರಿಕಕ್ಕೆ ಹಸಿ ಕರಿಬೇವು ತರಬಾರದು ಎಂಬ ನಿಯಮಕ್ಕೆ ನಗುವಂತಿಲ್ಲ. ರಾಯರ ಮನೆಯವರು ಮಾತ್ರ ನಗಲಿಲ್ಲ, ಒಪ್ಪಲೂ ಇಲ್ಲ: "ರೀ, ನಮ್ಮ ಹಿತ್ತಲ ಗಿಡದಲ್ಲಿ ಒಂದು ಹುಳ ತೋರಿಸಿ ನೋಡೋಣ."

ಅಕ್ಕಿಯ ಕತೆ ಬೇರೆ. ಖಾಪ್ರಾ ಎಂಬ ಜೀರುಂಡೆಯ ಮರಿ ಚೀಲದ ಹೊಲಿಗೆಯೊಳಗೆ ಸೇರಿಕೊಂಡು, ಊಟವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲದು. ಆದ್ದರಿಂದ ಪ್ರಯಾಣಿಕರು ಭಾರತದ ಅಕ್ಕಿ ಒಯ್ಯುವಂತಿಲ್ಲ. ಅದೇ ಅಕ್ಕಿ ಪ್ರಮಾಣಪತ್ರ ಹಿಡಿದು ಹಡಗಿನಲ್ಲಿ ಬಂದರೆ ಸ್ವಾಗತ.

ಮಾತ್ರೆಯಲ್ಲಿ ಮಾತ್ರ ಅಮೆರಿಕ ಸರ್ಕಾರದ ಬುದ್ಧಿ ಪೂರ್ತಿ ಅರಳಿದೆ. ಅಪ್ಪ ಅಮ್ಮ ಬಂದರೆ ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುತ್ತಾರೆ. ಔಷಧಿ ತರಲು ಬಿಡುವುದು 90 ದಿನದ್ದು. ಉಳಿದ ಮೂರು ತಿಂಗಳು ರಾಯರು ಬಿಪಿ ಇಲ್ಲದ ಮನುಷ್ಯರಾಗಿರಬೇಕು. ಇಲ್ಲವೇ ವೀಸಾ, ಪಾಸ್‌ಪೋರ್ಟಿನ ಪ್ರತಿ, ಡಾಕ್ಟರ ಪತ್ರ, ಚೀಟಿ ಎಲ್ಲ ಲಗತ್ತಿಸಿ ಊರಿಂದ ತರಿಸಿಕೊಳ್ಳಬಹುದು. ಇಷ್ಟು ಕಾಗದ ಒಟ್ಟುಮಾಡಲು ಹೊರಟವರ ಬಿಪಿಗೆ 90 ದಿನದ ಮಾತ್ರೆ 60ಕ್ಕೇ ಮುಗಿಯುತ್ತದೆ.

ಮಾತ್ರೆ ಮೂಲ ಪ್ಯಾಕಿಂಗಿನಲ್ಲೇ ಇರಬೇಕು, ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಇರಬೇಕು ಅನ್ನುತ್ತಾರೆ. ನಮ್ಮ ಮೆಡಿಕಲ್ ಶಾಪಿನವರು ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸುವಾಗ ಹೆಸರೊಂದು ಕಡೆ, ಎಕ್ಸ್‌ಪೈರಿ ಇನ್ನೊಂದು ಕಡೆ ಹೋಗುತ್ತದೆ. ಚೀಟಿ ಇಂಗ್ಲಿಷಿನಲ್ಲೇ ಇದೆ. ಅದು ಇಂಗ್ಲಿಷ್ ಅಂತ ಡಾಕ್ಟರೇ ಬಂದು ಸಾಕ್ಷಿ ಹೇಳಬೇಕು.

ಉಡುಗೊರೆಯದು ಚಿಕ್ಕ ಲೆಕ್ಕ. ಸಂದರ್ಶಕರಿಗೆ 100 ಡಾಲರ್ ತನಕ ಸುಂಕವಿಲ್ಲ. ಮಗಳಿಗೆ ಕೊಂಡ ಮೈಸೂರು ಸಿಲ್ಕ್ ಸೀರೆಯಲ್ಲಿ ಸೆರಗಿಗೆ ಮಾತ್ರ ವಿನಾಯಿತಿ, ಒಡಲಿಗೆ ಸುಂಕ ಅಂದಂತಾಯಿತು.

ಕೊನೆಗೆ ಷಡ್ಡಕರ ಉಪದೇಶ: "ಏನಾದ್ರೂ ಕೇಳಿದ್ರೆ ತಿಂಡಿ ಇಲ್ಲ ಅನ್ನಿ, ಸುಮ್ನೆ ಬಿಡ್ತಾರೆ." ಇದಕ್ಕಿಂತ ದುಬಾರಿ ಸಲಹೆ ಇನ್ನೊಂದಿಲ್ಲ. ಇದೆ ಅಂತ ಹೇಳಿದರೆ ಬೇಡದ್ದನ್ನು ತೆಗೆದು ಕಸಕ್ಕೆ ಹಾಕುತ್ತಾರೆ, ದಂಡವಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 300 ಡಾಲರ್ ಆಗಬಹುದು. ಒಂದು ಕಟ್ಟು ಕರಿಬೇವಿಗೆ ಅಷ್ಟು ಬೆಲೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಯುಗಾದಿ ಮುಂಚಿನ ದಿನವೂ ಬಂದಿಲ್ಲ.

ರಾಯರ ಮನೆಯವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಜವನ್ನೇ ಹೇಳಿದರು. ಅಧಿಕಾರಿ ಕರಿಬೇವು, ಅಕ್ಕಿ ಎರಡನ್ನೂ ತೆಗೆದ. ಮಾವಿನ ಉಪ್ಪಿನಕಾಯಿಯ ಬಾಟಲಿ ಮೂಸಿ ನೋಡಿ ಬೇಗ ವಾಪಸ್ ಕೊಟ್ಟ. ಮಾರನೇ ದಿನ ಅಳಿಯ ಫ್ರೀಮಾಂಟಿನ ಇಂಡಿಯನ್ ಸ್ಟೋರಿಗೆ ಕರೆದೊಯ್ದ. ಅಲ್ಲಿ ಸೋನಾ ಮಸೂರಿ ಚೀಲಗಳು ಛಾವಣಿ ಮುಟ್ಟುವಷ್ಟು ಜೋಡಿಸಿದ್ದವು, ಎಲ್ಲದರ ಮೇಲೂ ಭಾರತದ ಉತ್ಪನ್ನ ಅಂತ ಮುದ್ರೆ. ಬೆಲೆಯನ್ನು ರೂಪಾಯಿಗೆ ಬದಲಾಯಿಸಿ ನೋಡಿದ ರಾಯರು, ಆ ದಿನದ ಬಿಪಿ ಮಾತ್ರೆಯನ್ನು ಅಲ್ಲೇ ನುಂಗಿದರು.