ಎಚ್‌ಆರ್ ಮ್ಯಾನೇಜರ್ ಎಂಬ ಹುದ್ದೆ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ

ಲಿಂಕ್ಡ್‌ಇನ್‌ನಲ್ಲಿ ಜಾಹೀರಾತು ಕೊಡುವವರು, ಅದು ಯಾರಿಗೆ ಕಾಣಬೇಕೆಂದು ಗೊತ್ತುಮಾಡುವಾಗ, ಹುದ್ದೆಯನ್ನೂ ಕಂಪನಿಯ ಗಾತ್ರವನ್ನೂ ಒಂದಕ್ಕೊಂದು ಸಂಬಂಧವಿಲ್ಲದಂತೆ ಆರಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನಾನೂ ಆ ತಪ್ಪು ಮಾಡಿದ್ದೇನೆ.

ನಮ್ಮದು ಸಂಬಳದ ಲೆಕ್ಕ ಮಾಡುವ ತಂತ್ರಾಂಶ. Company Size ಪಟ್ಟಿಯಲ್ಲಿ 11-50, 51-200, 201-500 ಮೂರನ್ನೂ ಗುರುತಿಸಿ, ಹುದ್ದೆಯ ಜಾಗದಲ್ಲಿ ಎಚ್‌ಆರ್ ಮ್ಯಾನೇಜರ್ ಎಂದು ಕೊಟ್ಟು, ಒಂದೇ ಕ್ಯಾಂಪೇನ್ ನಡೆಸಿದೆ. ಜನ ಫಾರ್ಮ್ ತುಂಬಿದರು. ಆದರೆ ಅವರಿಗೆಲ್ಲ ಕರೆ ಮಾಡಿದ ಸಹೋದ್ಯೋಗಿ ಬಂದು, "ಎಲ್ಲರೂ ಚೆನ್ನಾಗಿಯೇ ಮಾತನಾಡುತ್ತಾರೆ. ಕೊನೆಗೆ ಮಾಲೀಕರನ್ನು ಕೇಳಿ ಹೇಳುತ್ತೇವೆ ಎನ್ನುತ್ತಾರೆ" ಎಂದರು.

ಆ ಪಟ್ಟಿಯನ್ನು ಗಾತ್ರದ ಪ್ರಕಾರ ಬೇರ್ಪಡಿಸಿದಾಗ ಕಾರಣ ಕಣ್ಣಿಗೆ ಬಿತ್ತು. ಮೂವತ್ತು ಜನರ ಕಂಪನಿಯ ಎಚ್‌ಆರ್ ಮ್ಯಾನೇಜರ್ ಹೆಚ್ಚಾಗಿ ನೇಮಕಾತಿ ನೋಡಿಕೊಳ್ಳುವವರು; ಸಂಬಳದ ಹಾಳೆ ಇರುವುದು ಸಂಸ್ಥಾಪಕರ ಅಥವಾ ಲೆಕ್ಕಿಗರ ಕೈಯಲ್ಲಿ. ಮುನ್ನೂರು ಜನರ ಕಂಪನಿಯಲ್ಲಿ ಮಾತ್ರ, ತಿಂಗಳ ಕೊನೆಗೆ ರಜೆಯನ್ನೂ ಹಾಜರಿಯನ್ನೂ ತಾಳೆ ನೋಡಿ ಸುಸ್ತಾಗುವವರು ಅದೇ ಹುದ್ದೆಯವರು. ನಮ್ಮ ಜಾಹೀರಾತು ಇಬ್ಬರಿಗೂ ಒಂದೇ ಮಾತು ಹೇಳುತ್ತಿತ್ತು.

ಆಮೇಲೆ ಪ್ರತಿ ಗಾತ್ರಕ್ಕೂ ಒಂದೊಂದು ಕ್ಯಾಂಪೇನ್ ಮಾಡಿದೆವು: ಚಿಕ್ಕವಕ್ಕೆ ಸಂಸ್ಥಾಪಕರು, ನಡುವಿನವಕ್ಕೆ ಹಣಕಾಸು ವ್ಯವಸ್ಥಾಪಕರು, ದೊಡ್ಡವಕ್ಕೆ ಎಚ್‌ಆರ್ ಮುಖ್ಯಸ್ಥರು. ಹಾಜರಿಯ ತಾಳೆಯ ಮಾತನ್ನು ಕೊನೆಯವರಿಗೆ ಮಾತ್ರ ಉಳಿಸಿಕೊಂಡೆವು. ಹೀಗೆ ಒಡೆಯುವುದಕ್ಕೂ ಮಿತಿಯಿದೆ. ಗುರಿಪಟ್ಟಿಯಲ್ಲಿ 300 ಸದಸ್ಯರಾದರೂ ಇಲ್ಲದಿದ್ದರೆ ಕ್ಯಾಂಪೇನ್ ಶುರುವಾಗುವುದೇ ಇಲ್ಲ. ಅದಕ್ಕಿಂತ ಸ್ವಲ್ಪ ಹೆಚ್ಚಿದ್ದರೂ ಅವರೇ ಅದೇ ಚಿತ್ರವನ್ನು ಮತ್ತೆ ಮತ್ತೆ ನೋಡಿ ಬೇಸರಗೊಳ್ಳುತ್ತಾರೆ. ಅಂಥಲ್ಲಿ ಒಂದೇ ಹುದ್ದೆಗೆ ಅಂಟಿಕೊಳ್ಳದೆ, ಅದೇ ಕೆಲಸಕ್ಕಿರುವ ಬೇರೆ ಹೆಸರುಗಳನ್ನೂ ಸೇರಿಸಬೇಕು.

ಗಾತ್ರದ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬಾರದು. ದೊಡ್ಡ ಸಮೂಹದ ಅಂಗಸಂಸ್ಥೆಗೆ ತನ್ನದೇ ಪುಟವಿದ್ದರೆ ಅದು ಚಿಕ್ಕ ಕಂಪನಿಯಾಗಿ ಕಾಣಬಹುದು. ಖರೀದಿಯ ತೀರ್ಮಾನವಾಗುವುದು ಮಾತ್ರ ಮೇಲಿನ ಕಚೇರಿಯಲ್ಲಿ. ನಮ್ಮ ಪಟ್ಟಿಗೆ ನೇಮಕಾತಿ ಏಜೆನ್ಸಿಗಳೂ ನುಗ್ಗಿದ್ದವು, ಅಲ್ಲಿಯೂ ಎಚ್‌ಆರ್ ಎಂಬ ಹುದ್ದೆಗಳಿಗೆ ಬರವಿಲ್ಲವಲ್ಲ! ಆ ಉದ್ಯಮವನ್ನೇ ಹೊರಗಿಟ್ಟೆವು. Audience Expansion ಗುರುತನ್ನೂ ತೆಗೆದೆವು, ಏಕೆಂದರೆ ನಾವು ಇಷ್ಟು ಜತನದಿಂದ ಎಳೆದ ಗೆರೆಯ ಆಚೆಗೂ ಅದು ಜಾಹೀರಾತನ್ನು ಒಯ್ಯುತ್ತದೆ.

ಈಗ ಪ್ರತಿ ಸೋಮವಾರ ಜಾಹೀರಾತನ್ನು ಯಾವ ಹುದ್ದೆಯವರು ಕ್ಲಿಕ್ ಮಾಡಿದ್ದಾರೆಂಬ ವರದಿ ತೆರೆದು, ಅದರ ಪಕ್ಕದಲ್ಲಿ ಸಹೋದ್ಯೋಗಿಯ ಕರೆಗಳ ಪಟ್ಟಿ ಇಟ್ಟುಕೊಳ್ಳುತ್ತೇನೆ. "ಮಾಲೀಕರನ್ನು ಕೇಳುತ್ತೇವೆ" ಎಂಬ ಉತ್ತರ ಯಾವ ಗಾತ್ರದ ಕಂಪನಿಗಳಿಂದ ಪದೇ ಪದೇ ಬರುತ್ತದೋ, ಆ ಗಾತ್ರದ ಹುದ್ದೆಯನ್ನು ಅಂದೇ ಬದಲಿಸುತ್ತೇನೆ.