14 ಕೋರ್ಸ್ ಪಟ್ಟಿ ಮಾಡಿದ ಇಮೇಲ್

ನಿನ್ನೆ ರಾತ್ರಿ ಅಕ್ಕನ ಮಗ ಬಂದಿದ್ದ. ಎಲೆಕ್ಟ್ರಾನಿಕ್ಸ್ ಮೂರನೇ ವರ್ಷ. ಬೇಸಿಗೆಯಲ್ಲಿ ಎರಡು ತಿಂಗಳು ರಿಸರ್ಚ್ ಇಂಟರ್ನ್‌ಶಿಪ್ ಬೇಕು ಅಂತ 40 ಪ್ರೊಫೆಸರ್‌ಗಳಿಗೆ ಇಮೇಲ್ ಕಳಿಸಿದ್ದಾನೆ, ಒಬ್ಬರೂ ಉತ್ತರ ಕೊಟ್ಟಿಲ್ಲ. "ಮಾಮ, ನನ್ನ ಸಿಜಿಪಿಎ ಕಮ್ಮಿ ಆಯ್ತಾ?" ಅಂತ ಕೇಳಿದ. ಮೇಲ್ ತೋರಿಸು ಅಂದೆ.

ಓದಿ ಸಿಟ್ಟು ಬಂತು. ಅವನ ಮೇಲಲ್ಲ, ಆ ನಮೂನೆಯನ್ನು ಕೈಗಿಟ್ಟ ಸೀನಿಯರ್‌ಗಳ ಮೇಲೆ. "ನಿಮ್ಮ ಸಂಶೋಧನೆಯಿಂದ ಸ್ಫೂರ್ತಿ ಪಡೆದಿದ್ದೇನೆ" ಅಂತಿದೆ, ಯಾವ ಸಂಶೋಧನೆ ಅಂತ ಇಲ್ಲ. ಪ್ರೊಫೆಸರ್ ಹೆಸರಿನ ಅಕ್ಷರಗಳು ಉಳಿದವಕ್ಕಿಂತ ದಪ್ಪ, ಅಂಟಿಸಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಕೆಳಗೆ 14 ಕೋರ್ಸ್‌ಗಳ ಪಟ್ಟಿ, ಗ್ರೇಡ್ ಸಮೇತ. ಆ ಪಟ್ಟಿ ಅವನ ಕ್ಲಾಸಿನ ಎಲ್ಲರ ಹತ್ತಿರವೂ ಇದೆ, ಅಲ್ವಾ? ಈ ಹುಡುಗ ಬಂದರೆ ನನ್ನ ಲ್ಯಾಬ್‌ನಲ್ಲಿ ಏನು ಮಾಡಬಲ್ಲ ಅನ್ನೋದು ಅದರಿಂದ ಯಾರಿಗೂ ತಿಳಿಯಲ್ಲ.

ಆ ನಲವತ್ತರಲ್ಲಿ ಒಬ್ಬರು ಕಪ್ಪೆಗಳ ಕೂಗಿನ ಮೇಲೆ ಕೆಲಸ ಮಾಡುವವರು. ಅವರ ಪೇಪರ್ ತೆರೆದು ಕೂತೆವು. ಯಾವ ಕ್ಷಣದಲ್ಲಿ ಯಾವ ಸ್ವರ ಇದೆ ಅಂತ ತೋರಿಸುವ ಚಿತ್ರ, ಅಂದರೆ ಕೂಗಿನ ಸ್ಪೆಕ್ಟ್ರೋಗ್ರಾಮ್ ಮಾಡಲು 512 ಸ್ಯಾಂಪಲ್‌ಗಳ ವಿಂಡೋ ಬಳಸಿದ್ದಾರೆ, ಅಂದರೆ ಒಂದು ಸಲಕ್ಕೆ ಅಷ್ಟು ಉದ್ದದ ತುಣುಕು. ಇವನ ಫೋನಿನಲ್ಲಿ ಕಳೆದ ಮಳೆಗಾಲದಲ್ಲಿ ಹಾಸ್ಟೆಲ್ ಹಿಂದೆ ಸುಮ್ನೆ ರೆಕಾರ್ಡ್ ಮಾಡಿದ ಕಪ್ಪೆಯ ಕೂಗು ಇತ್ತು! ಅದರ ಚಿತ್ರವನ್ನೂ ಹಾಗೇ ಮಾಡಿದೆವು. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ 512ಕ್ಕೆ ಸುಮಾರು 11.6 ಮಿಲಿಸೆಕೆಂಡ್. ಈ ಕಪ್ಪೆಯ ಟಕ್ ಟಕ್‌ಗಳ ನಡುವೆ ಇರೋದು ಸುಮಾರು 8 ಮಿಲಿಸೆಕೆಂಡ್. ಹಾಗಾಗಿ ಚಿತ್ರದಲ್ಲಿ ಅಕ್ಕಪಕ್ಕದ ಟಕ್‌ಗಳು ಕಲಸಿಹೋಗಿದ್ದವು. ವಿಂಡೋ 256 ಮಾಡಿದಾಗ ಬೇರೆ ಬೇರೆ ಗೆರೆಗಳಾಗಿ ಕಂಡವು, ಆದರೆ ಸ್ವರದ ಎತ್ತರ ಅಷ್ಟು ಸ್ಪಷ್ಟವಾಗಿ ಉಳಿಯಲಿಲ್ಲ.

ಹೊಸ ಮೇಲ್‌ನಲ್ಲಿ ಕೋರ್ಸ್‌ಗೆ ಒಂದೇ ಸಾಲು: ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ನಲ್ಲಿ ಫೂರಿಯರ್ ಟ್ರಾನ್ಸ್‌ಫಾರ್ಮ್ ಓದಿದ್ದೇನೆ, ಅದನ್ನು ಬಳಸಿ ಈ ಎರಡು ಚಿತ್ರ ಮಾಡಿದೆ, ನಿಮ್ಮ ಕಪ್ಪೆಗಳಿಗೆ 512 ಸಾಕಾಯಿತೇ? ಆಮೇಲೆ ಬರಬಹುದಾದ ತಾರೀಖುಗಳು, ಒಂದು ಪುಟದ ರೆಸ್ಯೂಮೆ. ಒಟ್ಟು ಏಳು ವಾಕ್ಯ. ಉಳಿದ 13 ಕೋರ್ಸ್ ರೆಸ್ಯೂಮೆಯಲ್ಲಿರಲಿ.

"ನೂರು ಕಳಿಸಿದರೆ ಒಂದಾದರೂ ತಗಲುತ್ತೆ" ಅನ್ನುವವರಿದ್ದಾರೆ. ಒಪ್ಪಲ್ಲ. ಒಂದೇ ವಿಭಾಗದ ಆರು ಜನಕ್ಕೆ ಒಂದೇ ಮೇಲ್ ಹೋದರೆ ಅವರು ಊಟಕ್ಕೆ ಕೂತಾಗ ಅದು ಗೊತ್ತಾಗದೆ ಇರುತ್ತಾ? ಅದೂ ಅಲ್ಲದೆ, ಇಂಟರ್ನ್‌ಶಿಪ್‌ಗೆ ಮೇಲ್ ಮಾಡಬೇಡಿ, ಅರ್ಜಿ ಹಾಕಿ ಅಂತ ಎಷ್ಟೋ ಪ್ರೊಫೆಸರ್‌ಗಳು ತಮ್ಮ ಪುಟದಲ್ಲೇ ಬರೆದಿರುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಬೇಸಿಗೆ ಫೆಲೋಶಿಪ್‌ಗೂ ಅರ್ಜಿಯೇ ದಾರಿ, ಅದರ ಕೊನೆಯ ದಿನವನ್ನು ಮೊದಲೇ ನೋಡಿಟ್ಟುಕೊಳ್ಳಿ.

ಓದುವಾಗ ನಾನೂ ಇಂಥದ್ದೇ ಪಟ್ಟಿ ಕಳಿಸಿದ್ದೆ. ಉತ್ತರ ಬರದಿದ್ದಾಗ ನನಗೆ ಯೋಗ್ಯತೆ ಇಲ್ಲ ಅಂದುಕೊಂಡು ಎರಡು ವರ್ಷ ಯಾರಿಗೂ ಬರೆಯಲಿಲ್ಲ. ಪಕ್ಕದಲ್ಲಿ ಕೂತು ತಿದ್ದುವವರು ಆಗ ಯಾರೂ ಇರಲಿಲ್ಲ. ಅದಕ್ಕೇ ನಿನ್ನೆ ರಾತ್ರಿ ಒಂದೂವರೆ ತನಕ ಕೂತೆ.

ಇವತ್ತು ಬೆಳಿಗ್ಗೆ ಮೇಲ್ ಹೋಯಿತು. ಹತ್ತು ದಿನ ಕಾದು ಒಮ್ಮೆ ನೆನಪಿಸು, ಆಮೇಲೆ ಬಿಟ್ಟುಬಿಡು ಅಂದಿದ್ದೇನೆ. ಹುಡುಗ ಆಗಲೇ ಎರಡನೇ ಪ್ರೊಫೆಸರ್ ಪೇಪರ್ ಓದುತ್ತಿದ್ದಾನೆ.