ಕಬ್ಬಿಣದ ಮಾತ್ರೆಗೆ ಕಾಫಿ ಸನ್ಮಾನ

ಮೈಸೂರಿನ ಬಡಾವಣೆಯೊಂದರಲ್ಲಿ ಮೊನ್ನೆ ರಕ್ತಹೀನತೆ ಜಾಗೃತಿ ಶಿಬಿರ. ಬ್ಯಾನರ್ ದೊಡ್ಡದು, ಭಾಷಣ ಅದಕ್ಕಿಂತ ದೊಡ್ಡದು. ಕೊನೆಗೆ ಹೆಂಗಸರಿಗೆಲ್ಲ ಕಬ್ಬಿಣದ ಮಾತ್ರೆ ಹಂಚಿದರು. ಜೊತೆಗೆ ಬಿಸಿ ಉಪ್ಪಿಟ್ಟು, ಫಿಲ್ಟರ್ ಕಾಫಿ. "ಈಗ್ಲೇ ನುಂಗಿಬಿಡಿ ಅಮ್ಮಾ, ಆಮೇಲೆ ಮರೆತುಹೋಗುತ್ತೆ" ಅಂತ ಸಂಘಟಕರ ಒತ್ತಾಯ. ನೀರಿನ ಕ್ಯಾನ್ ಅಷ್ಟೊತ್ತಿಗೆ ಖಾಲಿ. ಮಾತ್ರೆ ಕಾಫಿಯಲ್ಲೇ ಇಳಿಯಿತು. ವೇದಿಕೆ ಮೇಲಿದ್ದವರು ಆರೋಗ್ಯದ ಬಗ್ಗೆ ಕಾಳಜಿ ಇರುವವರು, ಅವರಿಗೆ ಗ್ರೀನ್ ಟೀ.

ಕಾಫಿ, ಟೀಯಲ್ಲಿ ಪಾಲಿಫಿನಾಲ್ ಅನ್ನೋ ಒಗರಿನ ವಸ್ತುಗಳಿವೆ. ಸೊಪ್ಪು, ಕಾಳು, ರಾಗಿಯಿಂದ ಬಂದ ಕಬ್ಬಿಣವನ್ನು ಇವು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ. ಕರುಳಿಗೆ ಹೀರಲು ಆಗುವುದಿಲ್ಲ, ಬಹುಪಾಲು ಸುಮ್ನೆ ಹೊರಗೆ ಹೋಗುತ್ತದೆ. ಮಾತ್ರೆಯ ಕಬ್ಬಿಣಕ್ಕೂ ಇದೇ ಗತಿ. ಮಾಂಸದ ಕಬ್ಬಿಣಕ್ಕೆ ಮಾತ್ರ ಈ ಕಾಟ ಕಡಿಮೆ. ತಪ್ಪು ಕೆಫೀನಿನದಲ್ಲ, ಹಾಗಾಗಿ ಕೆಫೀನ್ ತೆಗೆದ ಕಾಫಿ ಕುಡಿದರೂ ಬಚಾವಾಗಲ್ಲ. ಗ್ರೀನ್ ಟೀಯಲ್ಲಂತೂ ಇದೇ ಜಾತಿಯ ಕ್ಯಾಟೆಚಿನ್ ಧಾರಾಳ. ಅದನ್ನೇ ಗುಣ ಅಂತ ಡಬ್ಬಿ ಮೇಲೆ ಹಾಡಿ ಹೊಗಳಿರುತ್ತಾರೆ.

1983ರ ಒಂದು ಅಧ್ಯಯನದಲ್ಲಿ ಊಟದ ಜೊತೆ ಕಾಫಿ ಕುಡಿದವರಲ್ಲಿ ಕಬ್ಬಿಣದ ಹೀರಿಕೆ 39% ತಗ್ಗಿತ್ತು, ಟೀ ಕುಡಿದವರಲ್ಲಿ 64%. ಊಟಕ್ಕೆ ಒಂದು ಗಂಟೆ ಮುಂಚೆ ಕಾಫಿ ಮುಗಿಸಿದವರಿಗೆ ಏನೂ ಆಗಲಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದವರಿಗೆ ಮಾತ್ರ ಜೊತೆಗೇ ಕುಡಿದಷ್ಟೇ ನಷ್ಟ. ಊಟ ಇನ್ನೂ ಹೊಟ್ಟೆಯಲ್ಲೇ ಇರುತ್ತೆ ಅಲ್ವಾ? ಅದಕ್ಕೇ ಊಟದ ನಂತರ ಎರಡು ಗಂಟೆ ಬಿಡುವುದು ಕ್ಷೇಮ. ತಿಂಡಿ ತಟ್ಟೆ ತೊಳೆಯುವ ಮೊದಲೇ ಕಾಫಿಗೆ ಕೂಗುವ ನಮ್ಮೂರಿಗೆ ಇದು ಕರ್ಫ್ಯೂ ಇದ್ದ ಹಾಗೆ.

ಕಬ್ಬಿಣ ಸಾಕಷ್ಟಿರುವ ಗಟ್ಟಿಮುಟ್ಟಾದವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಶಿಬಿರಕ್ಕೆ ಬಂದವರ ಕಥೆ ಬೇರೆ. ಆರು ಗಂಟೆಗೆ ಕಾಫಿ, ಎಂಟೂವರೆಗೆ ತಿಂಡಿ, ಹನ್ನೊಂದಕ್ಕೆ ಮಾತ್ರೆ, ಒಂದೂವರೆಗೆ ಊಟ, ನಾಲ್ಕಕ್ಕೆ ಮತ್ತೆ ಕಾಫಿ. ಇಷ್ಟು ಮಾಡಿದರೆ ಕಾಫಿಯೂ ಬಿಡಬೇಕಿಲ್ಲ, ಮಾತ್ರೆಯೂ ದಂಡವಲ್ಲ. ಮಾತ್ರೆಗೆ ನಿಂಬೆ ಪಾನಕ ಜೊತೆಯಾದರೆ ಅದರ ಸಿ ವಿಟಮಿನ್ ಹೀರಿಕೆಗೆ ನೆರವಾಗುತ್ತದೆ. ಖಾಲಿ ಹೊಟ್ಟೆಗೆ ತೊಳಸಿದಂತಾದರೆ ಊಟದ ಮೇಲೆ ನುಂಗಿ, ಆದರೆ ಕಾಫಿಗೆ ಎರಡು ಗಂಟೆ ತಡೆಯಿರಿ. ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನೂ ಇದರ ಜೊತೆ ಸೇರಿಸಬೇಡಿ. ಮಲ ಕಪ್ಪಗಾದರೆ ಗಾಬರಿ ಬೇಡ, ಈ ಮಾತ್ರೆಗೆ ಅದು ಮಾಮೂಲು. ಹಾಗಂತ ಕಬ್ಬಿಣ ರಕ್ತ ಸೇರಿತು ಅಂತ ಸಂಭ್ರಮಿಸಬೇಡಿ, ಹೀರದೆ ಉಳಿದದ್ದೇ ಆ ಬಣ್ಣ. ಏರಿತೋ ಇಲ್ಲವೋ ಅಂತ ಹಿಮೋಗ್ಲೋಬಿನ್ ಪರೀಕ್ಷೆಯೇ ಹೇಳಬೇಕು.

ಈ ವೇಳಾಪಟ್ಟಿಯನ್ನು ಸಂಘಟಕರಿಗೆ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು. "ಎಲ್ಲಾ ಸರಿ ಸಾರ್, ಆದ್ರೆ ಹನ್ನೊಂದಕ್ಕೆ ಮಾತ್ರೆ ಆಗಲ್ಲ" ಅಂದರು. ಯಾಕೆ ಅಂದೆ.

"ಅದು ಕಾಫಿ ಟೈಮು."